ಕುಟುಂಬ ಸಮೀಕ್ಷೆಯಲ್ಲಿ ವರಮಾನದ ಪ್ರಶ್ನೆ

ಭಾಷಾ ಬಳಕೆಯನ್ನು ಸಾಮಾಜಿಕ ವರ್ಗದೊಡನೆ ಹೊಂದಿಸಿ ನೋಡುವ ಕ್ಷೇತ್ರಕಾರ್ಯಕ್ಕೆ ವರ್ಗವನ್ನು ಅಳೆಯುವ ಮಾನದಂಡವೊಂದು ಬೇಕಾಗುತ್ತದೆ. ನಗರಗಳಲ್ಲಿ ಬಹುವಾಗಿ ಬಳಕೆಯಲ್ಲಿರುವುದು 1976ರ ಕುಪ್ಪುಸ್ವಾಮಿ ಮಾಪಕ. ಅದು ಯಜಮಾನನ ಶಿಕ್ಷಣಕ್ಕೆ ಗರಿಷ್ಠ 7, ವೃತ್ತಿಗೆ 10, ಕುಟುಂಬದ ಮಾಸಿಕ ವರಮಾನಕ್ಕೆ 12 ಅಂಕಗಳನ್ನು ನೀಡುತ್ತದೆ. ವರಮಾನದ ಹಂತಗಳನ್ನು ಬೆಲೆ ಸೂಚ್ಯಂಕಕ್ಕನುಗುಣವಾಗಿ ಪರಿಷ್ಕರಿಸದಿದ್ದರೆ ಬಡವರೂ ಮೇಲಿನ ವರ್ಗಕ್ಕೆ ಸೇರಿಬಿಡುತ್ತಾರೆ.

ತೊಡಕು ಇಷ್ಟೇ ಅಲ್ಲ. ಮಳೆಯಾಶ್ರಿತ ಬೇಸಾಯದ ಕುಟುಂಬವೊಂದನ್ನು ಉದಾಹರಣೆಯಾಗಿ ನೋಡಬಹುದು. ಫಸಲಿನ ಹಣ ಅಲ್ಲಿ ವರ್ಷಕ್ಕೊಮ್ಮೆ ಬರುತ್ತದೆ; ಮನೆಯವರು ಉಣ್ಣುವ ಜೋಳಕ್ಕೆ ಯಾರೂ ಬೆಲೆ ಕಟ್ಟಿರುವುದಿಲ್ಲ; ಕೂಲಿಯ ದಿನಗಳಿಗೆ ಲೆಕ್ಕವಿರುವುದಿಲ್ಲ. 'ತಿಂಗಳ ವರಮಾನವೆಷ್ಟು?' ಎಂಬುದಕ್ಕೆ ಆ ಮನೆಯಲ್ಲಿ ಸಿದ್ಧ ಉತ್ತರವೇ ಇಲ್ಲ. ಪಡಿತರ ಚೀಟಿ ರದ್ದಾದೀತೆಂಬ ಅಂಜಿಕೆಯೂ ಇದಕ್ಕೆ ಸೇರುತ್ತದೆ. ಮನೆಯಿಂದ ಮನೆಗೆ ಒಂದೇ ದುಂಡು ಮೊತ್ತ ಮರುಕಳಿಸುತ್ತಿದ್ದರೆ ಉತ್ತರಗಳನ್ನು ಸಂಶಯದಿಂದ ನೋಡಬೇಕು.

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಸಂಪತ್ತಿನ ಸೂಚ್ಯಂಕವು ವರಮಾನವನ್ನು ಅವಲಂಬಿಸುವುದಿಲ್ಲ. ಮನೆಯ ನೆಲ, ಛಾವಣಿ, ಶೌಚಾಲಯ, ಉರುವಲು, ವಾಹನ ಮೊದಲಾದವುಗಳ ಆಧಾರದ ಮೇಲೆ ಅದು ಜನರನ್ನು ಐದು ಸಮಭಾಗಗಳಾಗಿ ವಿಂಗಡಿಸುತ್ತದೆ. ನೆಲ ಮಣ್ಣಿನದೋ ಸಿಮೆಂಟಿನದೋ ಎಂಬುದು ಕಣ್ಣಿಗೇ ಕಾಣುತ್ತದೆ. ಆದರೆ ಬರಗಾಲದ ಬಡತನವನ್ನು ಆಸ್ತಿ ತಡವಾಗಿ ತೋರಿಸುತ್ತದೆ: ಕಣಜ ಬರಿದಾದರೂ ಬೈಕು ಅಂಗಳದಲ್ಲೇ ಇರುತ್ತದೆ.

ಜಾತಿಯ ಪ್ರಶ್ನೆ ಇನ್ನೂ ಸೂಕ್ಷ್ಮವಾದುದು. ಹೆಸರಿನಿಂದಲೋ ಕೇರಿಯಿಂದಲೋ ಊಹಿಸಿ ಬರೆದುಕೊಳ್ಳುವುದು ಕೇಳುವುದಕ್ಕಿಂತ ದೊಡ್ಡ ಅಗೌರವ. ಉದ್ದೇಶವನ್ನು ಮೊದಲೇ ತಿಳಿಸಿ, ನೆರೆಹೊರೆಯವರು ಇಲ್ಲದಾಗ, ಸಂದರ್ಶನದ ಕೊನೆಯಲ್ಲಿ ಕೇಳುವುದು ಯುಕ್ತ. 'ಹೇಳಲು ಇಷ್ಟವಿಲ್ಲ' ಎಂಬುದನ್ನೂ ಉತ್ತರವೆಂದೇ ದಾಖಲಿಸತಕ್ಕದ್ದು.