ಜೋರಾಗಿ ಹೇಳಿದರೆ ಎಚ್‌ಆರ್‌ ಬೇಗ ಕೇಳುತ್ತಾರೆಯೇ?

ದೂರು ಖಾರವಾಗಿದ್ದಷ್ಟೂ ಕೆಲಸ ಬೇಗ ಆಗುತ್ತದೆ ಎಂದು ಹಲವರು ನಂಬುತ್ತಾರೆ. ಅದು ನಿಜವಲ್ಲ. ಕಾರಣ ತಿಳಿಯಲು ಓವರ್‌ಟೈಮ್‌ ಸಂಬಳದ ಒಂದು ಕಾಲ್ಪನಿಕ ಉದಾಹರಣೆ ನೋಡೋಣ.

ದಾಂಡೇಲಿ ಹತ್ತಿರದ ಒಂದು ಕಾರ್ಖಾನೆಯಲ್ಲಿ ಒಬ್ಬರಿಗೆ ದಿನಕ್ಕೆ 640 ರೂಪಾಯಿ ಸಂಬಳ, ಎಂಟು ಗಂಟೆ ಕೆಲಸ. ಅಂದರೆ ಗಂಟೆಗೆ 80 ರೂಪಾಯಿ. ವಾರಕ್ಕೆ ಆರು ದಿನದ ಪಾಳಿ ಪೂರ್ತಿ ಮುಗಿಸಿ, ಆ ತಿಂಗಳಲ್ಲಿ ಐದು ದಿನ ನಾಲ್ಕು ಗಂಟೆ ಹೆಚ್ಚು ದುಡಿದರು. ಒಟ್ಟು 20 ಗಂಟೆ. ವಾರದ 48 ಗಂಟೆ ಮೀರಿದ ದುಡಿಮೆಗೆ ಕಾರ್ಖಾನೆಗಳಲ್ಲಿ ದುಪ್ಪಟ್ಟು ದರ ಕೊಡಬೇಕು. ಹಾಗಾಗಿ 3,200 ರೂಪಾಯಿ ಬರಬೇಕಿತ್ತು. ಸಂಬಳದ ಚೀಟಿಯಲ್ಲಿ ಬಂದದ್ದು 1,600.

ಈಗ ಅವರು ಹೀಗೆ ಬರೆದರು ಅಂದುಕೊಳ್ಳಿ: "ನೀವೆಲ್ಲಾ ಕಳ್ಳರು, ಬಡವರ ಹೊಟ್ಟೆ ಮೇಲೆ ಹೊಡೀತೀರಿ." ಸಿಟ್ಟು ಸಹಜ. ಆದರೆ ಯಾವ ತಿಂಗಳು, ಎಷ್ಟು ಗಂಟೆ, ಎಷ್ಟು ಹಣ ಎಂಬುದು ಇದರಲ್ಲಿಲ್ಲ. ಎಚ್‌ಆರ್‌ ಹಾಜರಿ ಪುಸ್ತಕ ತೆಗೆದು ನೋಡಲು ಇದರಲ್ಲಿ ಯಾವ ಸುಳಿವೂ ಇಲ್ಲ. ಮೇಲಾಗಿ "ಕಳ್ಳರು" ಎಂಬ ಪದವೇ ಚರ್ಚೆಯಾಗುತ್ತದೆ. ಸಂಬಳದ ಪ್ರಶ್ನೆ ಹಿಂದೆ ಸರಿದು, ದೂರು ಕೊಟ್ಟವರ ನಡತೆಯ ಪ್ರಶ್ನೆ ಮುಂದೆ ಬರುತ್ತದೆ.

ಇದನ್ನೇ ಹೀಗೆ ಬರೆಯಬಹುದು:

"ಸರ್, ಕಳೆದ ತಿಂಗಳು 4, 7, 11, 18, 25ನೇ ತಾರೀಖು ಮಧ್ಯಾಹ್ನ 2ರಿಂದ ಸಂಜೆ 6ರವರೆಗೆ ಹೆಚ್ಚುವರಿ ಕೆಲಸ ಮಾಡಿದ್ದೇನೆ. ಒಟ್ಟು 20 ಗಂಟೆ. ದುಪ್ಪಟ್ಟು ದರದಲ್ಲಿ 3,200 ರೂಪಾಯಿ ಆಗುತ್ತದೆ, 1,600 ಬಂದಿದೆ. ಹಾಜರಿ ಪರಿಶೀಲಿಸಿ, ಬಾಕಿ 1,600 ರೂಪಾಯಿಯನ್ನು ಮುಂದಿನ ಸಂಬಳದಲ್ಲಿ ಸೇರಿಸಬೇಕಾಗಿ ವಿನಂತಿ. ಈ ಹಣ ಬಾರದೆ ಮನೆ ಬಾಡಿಗೆ ಕಟ್ಟಲು ಆಗಿಲ್ಲ."

ಇಲ್ಲಿ ಪ್ರತಿ ಸಾಲನ್ನೂ ದಾಖಲೆಯೊಂದಿಗೆ ಹೋಲಿಸಿ ನೋಡಬಹುದು. ಕೊನೆಯ ಸಾಲಿನಲ್ಲಿ ನೋವೂ ಇದೆ. ಆದರೆ ಅದು ಆರೋಪವಲ್ಲ, ಪರಿಣಾಮ. ಶಾಂತವಾಗಿ ಹೇಳುವುದೆಂದರೆ ನೋವನ್ನು ನುಂಗಿಕೊಳ್ಳುವುದಲ್ಲ.

ಕಳಿಸುವ ಮುನ್ನ ಒಂದು ಪರೀಕ್ಷೆ ಮಾಡಿ. "ಯಾವಾಗಲೂ", "ಬೇಕಂತಲೇ", "ಎಲ್ಲರೂ" ಎಂಬ ಪದಗಳಿದ್ದರೆ ತೆಗೆದು, ಅಲ್ಲಿ ತಾರೀಖು ಅಥವಾ ಸಂಖ್ಯೆ ಹಾಕಿ. ಸಂಬಳದ ಚೀಟಿಯ ಫೋಟೊ ಜೊತೆಗಿಡಿ. ಸಹೋದ್ಯೋಗಿಗಳ ವಾಟ್ಸ್‌ಆ್ಯಪ್‌ ಗುಂಪಿಗೆ ಹಾಕಬೇಡಿ. ಇಮೇಲ್‌ ಮಾಡಿ, ಇಲ್ಲವೇ ಪತ್ರ ಕೊಟ್ಟು ನಿಮ್ಮ ಪ್ರತಿಯ ಮೇಲೆ ತಾರೀಖು ಸಮೇತ ಸಹಿ ಪಡೆಯಿರಿ.

ಇಷ್ಟಾದರೂ ಉತ್ತರ ಬಾರದಿರಬಹುದು. ಒಳ್ಳೆಯ ಪತ್ರವೇ ಹಣ ತಂದುಕೊಡುವುದಿಲ್ಲ. 20 ಅಥವಾ ಹೆಚ್ಚು ಕಾರ್ಮಿಕರಿರುವ ಕಡೆ ಕುಂದುಕೊರತೆ ಸಮಿತಿ ಇರಬೇಕು, ಅದರಲ್ಲಿ ಕಾರ್ಮಿಕರ ಪ್ರತಿನಿಧಿಗಳೂ ಇರುತ್ತಾರೆ. ನಂತರ ಕಾರ್ಮಿಕ ಇಲಾಖೆಯ ಬಾಗಿಲಿದೆ. ನೀವು ಗುತ್ತಿಗೆ ಕಾರ್ಮಿಕರಾಗಿದ್ದರೆ ಪತ್ರವನ್ನು ಗುತ್ತಿಗೆದಾರರಿಗೂ ಕಂಪನಿಗೂ ಕೊಡಿ. ಎಲ್ಲಿಗೆ ಹೋದರೂ ಮೊದಲು ಕೇಳುವುದು ಸಹಿ ಇರುವ ಆ ಪ್ರತಿಯನ್ನೇ.