ಫೆಬ್ರವರಿ ಸಂಬಳ ಕರಗುವುದು ಹೀಗೆ

ಡಿಸೆಂಬರ್ ಕೊನೆ, ಜನವರಿ ಮೊದಲ ವಾರದ ಹೊತ್ತಿಗೆ ಸಂಬಳದಾರರಿಗೆಲ್ಲ ಆಫೀಸಿನಿಂದ ಒಂದು ಮೇಲ್ ಬರುತ್ತದೆ. ತೆರಿಗೆ ಉಳಿತಾಯದ ದಾಖಲೆಗಳನ್ನು ಇಂಥ ತಾರೀಖಿನೊಳಗೆ ಪೋರ್ಟಲ್‌ಗೆ ಹಾಕಿ ಎಂಬುದು ಅದರ ಒಕ್ಕಣೆ. ವಾರ ಬಿಟ್ಟು ಇನ್ನೊಂದು ಬರುತ್ತದೆ, ಕೊನೆಗೆ ಕೆಂಪಕ್ಷರದಲ್ಲಿ ಮತ್ತೊಂದು. ಇದು ಸರ್ಕಾರ ಗೊತ್ತು ಮಾಡಿದ ಗಡುವು ಎಂದೇ ಬಹಳ ಜನ ತಿಳಿದಿದ್ದಾರೆ. ಹಾಗೇನಿಲ್ಲ. ಆದಾಯ ತೆರಿಗೆ ಕಾಯ್ದೆಯಲ್ಲಿ ಉಳಿತಾಯ ಮಾಡುವುದಕ್ಕೆ ಮಾರ್ಚ್ 31ರವರೆಗೆ ಸಮಯವಿದೆ. ಜನವರಿಯ ತಾರೀಖು ಪೂರ್ತಿಯಾಗಿ ಕಂಪನಿಯ ಅನುಕೂಲಕ್ಕೆ ಇಟ್ಟುಕೊಂಡದ್ದು. ಒಂದು ಕಡೆ 10ನೇ ತಾರೀಖು, ಇನ್ನೊಂದು ಕಡೆ ತಿಂಗಳ ಕೊನೆ. ಸರ್ಕಾರಿ ಕಚೇರಿಗಳಲ್ಲಿ ಸಾಮಾನ್ಯವಾಗಿ ಫೆಬ್ರವರಿ ವೇತನ ಬಿಲ್ ತಯಾರಾಗುವ ಮುಂಚೆ ಕೇಳುತ್ತಾರೆ.

ಕಂಪನಿಯ ಅವಸರಕ್ಕೂ ಕಾರಣವಿದೆ. ನಮ್ಮ ಸಂಬಳದಿಂದ ತೆರಿಗೆ ಮುರಿದು ಸರ್ಕಾರಕ್ಕೆ ಕಟ್ಟುವ ಹೊಣೆ ಕಾಯ್ದೆಯ 192ನೇ ಸೆಕ್ಷನ್ ಪ್ರಕಾರ ಉದ್ಯೋಗದಾತನದು. ಏಪ್ರಿಲ್‌ನಲ್ಲಿ ನಾವು ‘ಈ ವರ್ಷ ಇಷ್ಟು ಬಾಡಿಗೆ ಕಟ್ಟುತ್ತೇನೆ, ಇಷ್ಟು ವಿಮೆ ಕಟ್ಟುತ್ತೇನೆ’ ಎಂದು ಬರೆದುಕೊಟ್ಟದ್ದನ್ನು ನಂಬಿ ಅವರು ತಿಂಗಳುಗಟ್ಟಲೆ ಕಡಿಮೆ ತೆರಿಗೆ ಮುರಿದಿರುತ್ತಾರೆ. ವರ್ಷ ಮುಗಿಯುವುದರೊಳಗೆ ಆ ಮಾತಿಗೆ ಪುರಾವೆ ಪಡೆಯಲೇಬೇಕೆಂದು ನಿಯಮ ಹೇಳುತ್ತದೆ. ಅದಕ್ಕೆಂದೇ 2016ರಿಂದ ಫಾರ್ಮ್ 12ಬಿಬಿ ಎಂಬ ನಮೂನೆ ಇದೆ. ಪುರಾವೆಯಿಲ್ಲದೆ ವಿನಾಯಿತಿ ಕೊಟ್ಟು ತೆರಿಗೆ ಕಡಿಮೆ ಮುರಿದರೆ ಆ ಕೊರತೆಗೂ ಅದರ ಬಡ್ಡಿಗೂ ಕಂಪನಿಯೇ ಉತ್ತರ ಹೇಳಬೇಕು. ಸಾವಿರಾರು ಜನರ ಕಾಗದ ಪರಿಶೀಲಿಸಿ, ತಪ್ಪಿದ್ದನ್ನು ವಾಪಸ್ ಕಳಿಸಿ, ಉಳಿದ ತೆರಿಗೆಯನ್ನು ಫೆಬ್ರವರಿ, ಮಾರ್ಚ್ ಸಂಬಳದಲ್ಲಿ ಸರಿದೂಗಿಸಬೇಕಾದರೆ ಜನವರಿಯಲ್ಲೇ ಬಾಗಿಲು ಹಾಕದೆ ವಿಧಿಯಿಲ್ಲ.

ಇಷ್ಟಾದರೂ ಈ ಓಡಾಟ ಎಲ್ಲರಿಗೂ ಇಲ್ಲ. ಹಳೇ ತೆರಿಗೆ ಪದ್ಧತಿ ಆರಿಸಿಕೊಂಡವರಿಗೆ ಮಾತ್ರ. 2023-24ರಿಂದ ಹೊಸ ಪದ್ಧತಿಯೇ ತಾನಾಗಿ ಅನ್ವಯಿಸುತ್ತದೆ. ಅದರಲ್ಲಿ ಬಾಡಿಗೆ, ಎಲ್‌ಐಸಿ, ಪಿಪಿಎಫ್, ಮಕ್ಕಳ ಟ್ಯೂಷನ್ ಫೀ ಯಾವುದಕ್ಕೂ ವಿನಾಯಿತಿ ಇಲ್ಲವಾದ್ದರಿಂದ ಪುರಾವೆಯ ಮಾತೂ ಇಲ್ಲ. 2025-26ರಲ್ಲಿ ವರ್ಷಕ್ಕೆ 12.75 ಲಕ್ಷ ರೂಪಾಯಿವರೆಗಿನ ಸಂಬಳಕ್ಕೆ ಹೊಸ ಪದ್ಧತಿಯಲ್ಲಿ ತೆರಿಗೆಯೇ ಬರುವುದಿಲ್ಲ. ಆ ಸಂಬಳದೊಳಗಿನ ಬಹುತೇಕರು ಹಳೇ ಪದ್ಧತಿಯಲ್ಲಿ ಉಳಿದು ರಸೀದಿ ಹುಡುಕುತ್ತಿದ್ದರೆ ಅದು ಅಭ್ಯಾಸಬಲವೇ ಹೊರತು ಲೆಕ್ಕಾಚಾರವಲ್ಲ.

ಹಳೇ ಪದ್ಧತಿ ಇನ್ನೂ ಯಾರಿಗೆ ಲಾಭ? ಬೆಂಗಳೂರಿನಲ್ಲಿ ಬಾಡಿಗೆ ಮನೆ, ತುಮಕೂರಿನಲ್ಲಿ ಸಾಲ ಮಾಡಿ ಕಟ್ಟಿಸಿದ ಮನೆ, ಆ ಮನೆಯಲ್ಲಿ ಅರವತ್ತು ದಾಟಿದ ತಂದೆತಾಯಿ: ಹೀಗಿರುವ ಒಬ್ಬ ಉದ್ಯೋಗಿಯನ್ನು ಇಟ್ಟುಕೊಂಡು ಲೆಕ್ಕ ಹಾಕೋಣ. ತಿಂಗಳ ಸಂಬಳ 1,30,000 ರೂಪಾಯಿ. ಅದರಲ್ಲಿ ಮೂಲ ವೇತನ 65,000, ಮನೆ ಬಾಡಿಗೆ ಭತ್ಯೆ 26,000. ಕಟ್ಟುವ ಬಾಡಿಗೆ 28,000. ವರ್ಷದ ಬಾಡಿಗೆಯಲ್ಲಿ ಮೂಲ ವೇತನದ ಶೇ 10ರಷ್ಟನ್ನು ಕಳೆದರೆ 2,58,000 ಉಳಿಯುತ್ತದೆ. ಕೈಗೆ ಬಂದ ಭತ್ಯೆಗಿಂತಲೂ, ಮೂಲ ವೇತನದ ಶೇ 40ಕ್ಕಿಂತಲೂ ಇದು ಕಡಿಮೆ. ಮೂರರಲ್ಲಿ ಯಾವುದು ಕಡಿಮೆಯೋ ಅದಕ್ಕೆ ವಿನಾಯಿತಿ ಎಂಬುದು ನಿಯಮವಾದ್ದರಿಂದ ಇವರಿಗೆ ಸಿಗುವುದು ಅಷ್ಟೇ. (2025-26ರ ಲೆಕ್ಕಕ್ಕೆ ಶೇ 50ರ ಸೌಲಭ್ಯ ಮುಂಬೈ, ದೆಹಲಿ, ಕೋಲ್ಕತ್ತ, ಚೆನ್ನೈಗೆ ಮಾತ್ರ. ಬಾಡಿಗೆಯಲ್ಲಿ ಯಾರಿಗೂ ಕಡಿಮೆಯಿಲ್ಲದ ಬೆಂಗಳೂರು ಈ ಪಟ್ಟಿಯಲ್ಲಿ ಇಲ್ಲ.) ಇದರ ಜೊತೆಗೆ ಗೃಹಸಾಲದ ಬಡ್ಡಿಗೆ 2 ಲಕ್ಷ, 80ಸಿ ಅಡಿಯಲ್ಲಿ ಪಿಎಫ್ ಮತ್ತು ಸಾಲದ ಅಸಲು ಸೇರಿ ಒಂದೂವರೆ ಲಕ್ಷ, ತಂದೆತಾಯಿಯ ಆರೋಗ್ಯ ವಿಮೆಗೆ 50,000, ಎಲ್ಲರಿಗೂ ಸಿಗುವ ಸ್ಟ್ಯಾಂಡರ್ಡ್ ಡಿಡಕ್ಷನ್ 50,000, ವೃತ್ತಿ ತೆರಿಗೆ 2,500. ಎಲ್ಲ ಕಳೆದ ಮೇಲೆ ವರ್ಷದ ತೆರಿಗೆ ಸೆಸ್ ಸೇರಿ 85,696 ರೂಪಾಯಿ. ಇದೇ ಸಂಬಳಕ್ಕೆ ಹೊಸ ಪದ್ಧತಿಯಲ್ಲಿ 1,06,860. ಹಳೆಯದರಲ್ಲಿ ಉಳಿದದ್ದಕ್ಕೆ 21,164 ರೂಪಾಯಿ ಲಾಭ.

ಆದರೆ ಈ ಲಾಭ ನಿಂತಿರುವುದೇ ಕಾಗದಗಳ ಮೇಲೆ. ಏಪ್ರಿಲ್‌ನಿಂದ ಜನವರಿವರೆಗೆ ತಿಂಗಳಿಗೆ ಸುಮಾರು 7,141 ರೂಪಾಯಿಯಂತೆ ಕಂಪನಿ ಮುರಿದುಕೊಂಡಿದೆ. ಉದ್ಯೋಗಿ ಒಂದು ಕಾಗದವನ್ನೂ ಹಾಕಲಿಲ್ಲ ಎನ್ನಿ. ಆಗ ಪೇರೋಲ್‌ನವರು ತಮ್ಮ ಕಣ್ಣಿಗೆ ಕಾಣುವ ಪಿಎಫ್, ವೃತ್ತಿ ತೆರಿಗೆ ಮತ್ತು ಸ್ಟ್ಯಾಂಡರ್ಡ್ ಡಿಡಕ್ಷನ್ ಮಾತ್ರ ಉಳಿಸಿ ಮಿಕ್ಕದ್ದನ್ನೆಲ್ಲ ತೆಗೆದುಹಾಕುತ್ತಾರೆ. ತೆರಿಗೆ ಒಮ್ಮೆಲೇ 2,46,137 ರೂಪಾಯಿಗೆ ಏರುತ್ತದೆ. ಹತ್ತು ತಿಂಗಳಲ್ಲಿ ಕಟ್ಟಿದ್ದನ್ನು ಕಳೆದು ಉಳಿದ ಒಂದೂ ಮುಕ್ಕಾಲು ಲಕ್ಷದಷ್ಟನ್ನು ಎರಡೇ ತಿಂಗಳಲ್ಲಿ ವಸೂಲು ಮಾಡಬೇಕು. ಫೆಬ್ರವರಿಯಲ್ಲಿ 87,000ಕ್ಕೂ ಹೆಚ್ಚು ತೆರಿಗೆಗೇ ಹೋಗುತ್ತದೆ. ಪಿಎಫ್ ಮತ್ತು ವೃತ್ತಿ ತೆರಿಗೆಯೂ ಹೋದ ಮೇಲೆ ಕೈಗೆ ಬರುವುದು 34,500 ರೂಪಾಯಿ ಚಿಲ್ಲರೆ. ಬಾಡಿಗೆ ಕೊಟ್ಟರೆ ಮಿಗುವ ಆರೂವರೆ ಸಾವಿರದಲ್ಲಿ ಗೃಹಸಾಲದ ಕಂತು ಕಟ್ಟುವ ಮಾತೇ ಇಲ್ಲ. ಮಾರ್ಚ್‌ನಲ್ಲೂ ಇದೇ ಕತೆ. ಹಾಗಾದರೆ ಹೊಸ ಪದ್ಧತಿಗೆ ಹಾಕಿಬಿಡಿ ಎಂದು ಆಗ ಕೇಳಿದರೆ ಎಷ್ಟೋ ಕಂಪನಿಗಳು ವರ್ಷದ ನಡುವೆ ಬದಲಿಸಲು ಒಪ್ಪುವುದಿಲ್ಲ. ಹಳೇ ಪದ್ಧತಿಯ ದರ, ಹೊಸ ಪದ್ಧತಿಯ ಹಾಗೆ ವಿನಾಯಿತಿ ಸೊನ್ನೆ: ಎರಡರ ಕೆಟ್ಟದ್ದೂ ಒಬ್ಬರ ಪಾಲಿಗೇ ಬರುತ್ತದೆ.

ಕಾಗದ ಹಾಕಿಯೂ ತಿರಸ್ಕೃತವಾಗುವುದು ಇನ್ನೊಂದು ಸಂಕಟ. ಹೆಚ್ಚಾಗಿ ಸಿಕ್ಕಿಬೀಳುವುದು ಬಾಡಿಗೆ ರಸೀದಿಯಲ್ಲಿ. ರಸೀದಿಯಲ್ಲಿ ಬಾಡಿಗೆದಾರನ ಹೆಸರು, ಮನೆಯ ವಿಳಾಸ, ಯಾವ ತಿಂಗಳದ್ದು, ಎಷ್ಟು ಎಂಬುದೂ ಮಾಲೀಕರ ಸಹಿಯೂ ಇರಬೇಕು. ನಗದಾಗಿ 5,000ಕ್ಕಿಂತ ಹೆಚ್ಚು ಕೊಟ್ಟಿದ್ದರೆ ಒಂದು ರೂಪಾಯಿಯ ರೆವಿನ್ಯೂ ಸ್ಟ್ಯಾಂಪ್. ವರ್ಷದ ಬಾಡಿಗೆ ಒಂದು ಲಕ್ಷ ದಾಟಿದರೆ, ಅಂದರೆ ತಿಂಗಳಿಗೆ 8,333ಕ್ಕಿಂತ ಹೆಚ್ಚಾದರೆ, ಮಾಲೀಕರ ಪ್ಯಾನ್ ಸಂಖ್ಯೆ ಕಡ್ಡಾಯ. ಬೆಂಗಳೂರಿನಲ್ಲಿ ಈ ಮಿತಿಯೊಳಗೆ ಒಂದು ರೂಮು ಸಿಗುವುದೂ ಕಷ್ಟ. ‘ಅಂಕಲ್, ಆಫೀಸಿನಲ್ಲಿ ಪ್ಯಾನ್ ಕೇಳ್ತಿದ್ದಾರೆ’ ಎಂದರೆ ‘ಅದೆಲ್ಲ ಆಗಲ್ಲಪ್ಪ, ಬೇಕಾದ್ರೆ ಮುಂದಿನ ವರ್ಷದಿಂದ ಬಾಡಿಗೆ ಜಾಸ್ತಿ ಮಾಡಿ ಕೊಡ್ತೀನಿ’ ಎಂಬ ಉತ್ತರ ಎಷ್ಟೋ ಜನ ಕೇಳಿರುತ್ತಾರೆ. ಪ್ಯಾನ್ ಕೊಟ್ಟರೆ ಬಾಡಿಗೆ ಆದಾಯ ಇಲಾಖೆಯ ಕಣ್ಣಿಗೆ ಬೀಳುತ್ತದೆಂಬುದು ಮಾಲೀಕರ ಅಳುಕು. ಅದಕ್ಕೇ ಈ ಮಾತನ್ನು ಮನೆ ಹಿಡಿಯುವಾಗಲೇ, ಅಡ್ವಾನ್ಸ್ ಕೊಡುವ ಮುಂಚೆಯೇ ಮುಗಿಸಿಕೊಳ್ಳಬೇಕು. ಸ್ನೇಹಿತರದ್ದೋ ನೆಂಟರದ್ದೋ ಪ್ಯಾನ್ ಹಾಕಿ ದಾಟಿಕೊಳ್ಳುವುದು ಈಗ ಅಪಾಯದ ಕೆಲಸ. ಬಾಡಿಗೆ ಪಡೆದವರೆಂದು ಆ ಸಂಖ್ಯೆ ಇಲಾಖೆಯ ಕಂಪ್ಯೂಟರಿನಲ್ಲಿ ದಾಖಲಾಗಿ, ಅವರ ರಿಟರ್ನ್‌ನಲ್ಲಿ ಆ ಆದಾಯ ಕಾಣದಿದ್ದರೆ ನೋಟಿಸ್ ಇಬ್ಬರಿಗೂ ಬರಬಹುದು.

ಗೃಹಸಾಲಕ್ಕೆ ಬ್ಯಾಂಕಿನಿಂದ ಎರಡು ಬಗೆಯ ಪ್ರಮಾಣಪತ್ರ ಸಿಗುತ್ತದೆ. ಜನವರಿಯಲ್ಲಿ ಕೇಳುವುದು ತಾತ್ಕಾಲಿಕ ಪತ್ರ. ಮಾರ್ಚ್ ಕೊನೆವರೆಗೆ ಕಟ್ಟಬೇಕಾದ ಕಂತನ್ನೂ ಸೇರಿಸಿ ಅಸಲೆಷ್ಟು, ಬಡ್ಡಿಯೆಷ್ಟು ಎಂದು ಅದರಲ್ಲಿ ಬೇರೆಬೇರೆ ತೋರಿಸಿರುತ್ತಾರೆ. ಸಾಲದ ಖಾತೆಯ ಸ್ಟೇಟ್‌ಮೆಂಟ್ ಹಾಕಿದರೆ ವರ್ಷದ ಪೂರ್ತಿ ಲೆಕ್ಕ ಅದರಲ್ಲಿ ಇರುವುದಿಲ್ಲ, ಹಾಗಾಗಿ ವಾಪಸ್ ಬರುತ್ತದೆ. ಮನೆ ಇನ್ನೂ ಕಟ್ಟುತ್ತಿದ್ದರೆ ಆ ವರ್ಷ ಬಡ್ಡಿಗೆ ವಿನಾಯಿತಿ ಇಲ್ಲ, ಕಾಮಗಾರಿ ಮುಗಿದದ್ದಕ್ಕೆ ದಾಖಲೆ ಕೇಳುತ್ತಾರೆ. ಗಂಡ ಹೆಂಡತಿ ಜಂಟಿಯಾಗಿ ಸಾಲ ಪಡೆದಿದ್ದರೆ ಯಾರ ಪಾಲು ಎಷ್ಟು ಎಂದು ಬರೆದು ಕೊಡಬೇಕು.

ತಂದೆತಾಯಿಯ ಆರೋಗ್ಯ ವಿಮೆಯ ಕಂತನ್ನು ನಗದಾಗಿ ಕಟ್ಟಿದ್ದರೆ 80ಡಿ ವಿನಾಯಿತಿ ಇಲ್ಲ. ರಿಯಾಯಿತಿ ಸಿಗುತ್ತದೆಂದು ಎರಡು ವರ್ಷದ ಕಂತನ್ನು ಒಟ್ಟಿಗೇ ಕಟ್ಟಿದ್ದರೆ ಈ ವರ್ಷದ ಪಾಲಿಗೆ ಬರುವ ಅರ್ಧಕ್ಕೆ ಮಾತ್ರ ಲೆಕ್ಕ. ಮಕ್ಕಳ ಶಾಲೆಯ ರಸೀದಿಯಲ್ಲಿ ಟ್ಯೂಷನ್ ಫೀ ಎಂದು ಬೇರೆ ಸಾಲಿನಲ್ಲಿ ನಮೂದಾದ ಹಣ ಒಂದನ್ನೇ ಪರಿಗಣಿಸುತ್ತಾರೆ. ಬಸ್ಸು, ಡೆವಲಪ್‌ಮೆಂಟ್ ಫೀ, ಡೊನೇಷನ್ ಯಾವುದೂ ಬರುವುದಿಲ್ಲ. ಫೆಬ್ರವರಿ, ಮಾರ್ಚ್‌ನಲ್ಲಿ ಕಟ್ಟಬೇಕಾದ ಎಲ್‌ಐಸಿ ಕಂತಿಗೆ ಹಿಂದಿನ ವರ್ಷದ ರಸೀದಿಯೂ ‘ಕಟ್ಟುತ್ತೇನೆ’ ಎಂಬ ಮುಚ್ಚಳಿಕೆಯೂ ಇದ್ದರೆ ಹಲವು ಕಂಪನಿಗಳು ಒಪ್ಪುತ್ತವೆ.

ಬಾಗಿಲು ಹಾಕಿಯೇ ಹೋಯಿತೆಂದರೆ ಹಣವೇನೂ ಮುಳುಗಿ ಹೋಗಲಿಲ್ಲ. ಕಂಪನಿಗೆ ಕೊಡದ ಪುರಾವೆಯ ಬಾಬ್ತನ್ನು ರಿಟರ್ನ್ ಸಲ್ಲಿಸುವಾಗ ನಾವೇ ನೇರವಾಗಿ ಕೇಳಬಹುದು. ಬಾಡಿಗೆ, ಗೃಹಸಾಲ, ವಿಮೆ ಎಲ್ಲಕ್ಕೂ ಇದು ಸಾಧ್ಯ. ಜೂನ್ 15ರೊಳಗೆ ಕಂಪನಿ ಕೊಡುವ ಫಾರ್ಮ್ 16ರಲ್ಲಿ ಆ ವಿನಾಯಿತಿಗಳು ಇರುವುದಿಲ್ಲ, ಇಲ್ಲದಿದ್ದರೂ ಅಡ್ಡಿಯಿಲ್ಲ. ನಮ್ಮ ಉದ್ಯೋಗಿಗೆ ಹೀಗೆ 1,60,441 ರೂಪಾಯಿ ರೀಫಂಡ್ ಬರುತ್ತದೆ. ಆದರೆ ರಿಟರ್ನ್‌ಗೆ ಪಾಲಿಸಿ ಸಂಖ್ಯೆ, ವಿಮಾ ಕಂಪನಿಯ ಹೆಸರು, ಸಾಲದ ಖಾತೆ ಸಂಖ್ಯೆ ಮುಂತಾದ ವಿವರಗಳನ್ನು ಈಗ ತುಂಬಬೇಕಾಗುತ್ತದೆ. ಸುಮ್ಮನೆ ಒಂದೂವರೆ ಲಕ್ಷ ಎಂದು ಬರೆದು ಬಿಡುವ ಕಾಲ ಮುಗಿದಿದೆ. 2026ರ ಏಪ್ರಿಲ್ 1ರಿಂದ ಹೊಸ ಆದಾಯ ತೆರಿಗೆ ಕಾಯ್ದೆ ಜಾರಿಗೆ ಬಂದು ಸೆಕ್ಷನ್‌ಗಳ ಸಂಖ್ಯೆ ಬದಲಾದರೂ 2025-26ರ ಆದಾಯಕ್ಕೆ ಹಳೇ ಕಾಯ್ದೆಯ ಲೆಕ್ಕವೇ.

ಇಲ್ಲಿ ನಿಜವಾದ ಗಡುವು ಬೇರೆ ಇದೆ. ಸಂಬಳದಾರರಿಗೆ ರಿಟರ್ನ್‌ನ ಮಾಮೂಲಿ ಕೊನೆಯ ದಿನ ಜುಲೈ 31. ಹಳೇ ಪದ್ಧತಿ ಬೇಕೆಂದು ಕೇಳುವ ಹಕ್ಕು ಆ ದಿನದವರೆಗೆ ಮಾತ್ರ. ಅದು ತಪ್ಪಿದರೆ ಡಿಸೆಂಬರ್ 31ರವರೆಗೆ ತಡವಾಗಿ ಸಲ್ಲಿಸಬಹುದು, ಆದರೆ ಲೆಕ್ಕ ಹೊಸ ಪದ್ಧತಿಯಲ್ಲೇ. ನಮ್ಮ ಉದ್ಯೋಗಿಗೆ ಆಗ 21,164 ರೂಪಾಯಿ ಕಡಿಮೆ ರೀಫಂಡ್, ಮೇಲೆ 5,000 ತಡಶುಲ್ಕ. ಆಫೀಸಿನ ಗಡುವು ತಪ್ಪಿದಾಗ ಸಿಕ್ಕಿಕೊಂಡಿದ್ದ ಹಣ ಹೀಗೆ ಕೈಬಿಟ್ಟೇ ಹೋಗುತ್ತದೆ. ಜುಲೈ 31ರ ರಾತ್ರಿ ರಿಟರ್ನ್ ಸಲ್ಲಿಸಿ ಆಧಾರ್ ಒಟಿಪಿ ಮೂಲಕ ಇ-ವೆರಿಫೈ ಮಾಡದೆ ಮಲಗುವವರೂ ಇದ್ದಾರೆ. ಅದಕ್ಕೆ 30 ದಿನ ಸಮಯವಿದೆ. ಅದೂ ದಾಟಿದರೆ ವೆರಿಫೈ ಮಾಡಿದ ದಿನವೇ ರಿಟರ್ನ್ ಸಲ್ಲಿಸಿದ ದಿನ ಎಂದು ಇಲಾಖೆ ಪರಿಗಣಿಸುತ್ತದೆ, ಹಳೇ ಪದ್ಧತಿಯ ಆಯ್ಕೆಯೂ ಅಲ್ಲಿಗೆ ಮುಗಿಯುತ್ತದೆ.