ಹತ್ತು ಪಟ್ಟು ಆಗಬೇಕಿದ್ದ ಹಣ ಮೂರು ಪಟ್ಟಿಗೇ ನಿಲ್ಲುವುದೇಕೆ?

ಅರ್ಥಶಾಸ್ತ್ರದ ಪರೀಕ್ಷೆಯಲ್ಲಿ ಹಣದ ಗುಣಕದ ಲೆಕ್ಕ ಬಂದರೆ ಎಷ್ಟೋ ವಿದ್ಯಾರ್ಥಿಗಳು ಹಿಂದೆಮುಂದೆ ನೋಡದೆ ಒಂದನ್ನು ಮೀಸಲು ಅನುಪಾತದಿಂದ ಭಾಗಿಸಿಬಿಡುತ್ತಾರೆ. ಮೀಸಲು ಶೇ 10 ಎಂದರೆ ಗುಣಕ 10. ಕೇಂದ್ರ ಬ್ಯಾಂಕು 1,200 ರೂಪಾಯಿ ಮೂಲ ಹಣ ಬಿಟ್ಟರೆ ಒಟ್ಟು ಹಣ 12,000 ರೂಪಾಯಿ. ಈ ಉತ್ತರ ಸರಿಯಾಗಬೇಕಾದರೆ ಜನ ಒಂದು ನೋಟನ್ನೂ ಕೈಯಲ್ಲಿ ಇಟ್ಟುಕೊಳ್ಳಬಾರದು, ಬ್ಯಾಂಕು ಕಡ್ಡಾಯಕ್ಕಿಂತ ಒಂದು ರೂಪಾಯಿಯನ್ನೂ ಹೆಚ್ಚಿಗೆ ಉಳಿಸಿಕೊಳ್ಳಬಾರದು. ಪ್ರಶ್ನೆಪತ್ರಿಕೆ ಪರೀಕ್ಷಿಸುವುದು ಈ ಎರಡು ಷರತ್ತುಗಳನ್ನೇ.

ಒಂದು ಲೆಕ್ಕ ತೆಗೆದುಕೊಳ್ಳೋಣ. ಕಡ್ಡಾಯ ಮೀಸಲು ಠೇವಣಿಯ ಶೇ 10, ಹೆಚ್ಚುವರಿ ಮೀಸಲು ಠೇವಣಿಯ ಶೇ 10, ಜನರ ಕೈಲಿರುವ ನಗದು ಠೇವಣಿಯ ಶೇ 20. ಮೂಲ ಹಣ 1,200 ರೂಪಾಯಿ ಜನರ ಕೈಗೆ ಬಂತು. ಅದರಲ್ಲಿ 200 ನಗದಾಗಿ ಉಳಿಯಿತು, 1,000 ಬ್ಯಾಂಕಿಗೆ ಹೋಯಿತು. ಬ್ಯಾಂಕು ಕಡ್ಡಾಯವಾಗಿ 100, ತನ್ನ ಇಚ್ಛೆಯಿಂದ ಇನ್ನೂ 100 ತೆಗೆದಿಟ್ಟು 800 ಸಾಲ ಕೊಟ್ಟಿತು. ಆ 800 ಮತ್ತೆ ಜನರ ಕೈ ಸೇರಿ ಅದೇ ಪ್ರಮಾಣದಲ್ಲಿ ಒಡೆಯುತ್ತದೆ: ಸುಮಾರು 133 ನಗದು, 667 ಠೇವಣಿ. ಹೀಗೆ ಪ್ರತಿ ಸುತ್ತಿನ ಠೇವಣಿ ಹಿಂದಿನದರ ಮೂರನೇ ಎರಡು ಭಾಗವಷ್ಟೇ. ಎಲ್ಲ ಸುತ್ತುಗಳನ್ನು ಕೂಡಿದರೆ ಠೇವಣಿ 3,000, ನಗದು 600, ಒಟ್ಟು ಹಣ 3,600. ಗುಣಕ ಬರೀ 3.

ಸುತ್ತುಗಳನ್ನೆಲ್ಲ ಬರೆಯುವ ಬದಲು ಒಂದೇ ಸಾಲಿನ ಸೂತ್ರ ಸಾಕು:

m = (1 + c) / (c + r + e)

ಇಲ್ಲಿ c, r, e ಎಂದರೆ ಕ್ರಮವಾಗಿ ನಗದು, ಕಡ್ಡಾಯ ಮೀಸಲು ಮತ್ತು ಹೆಚ್ಚುವರಿ ಮೀಸಲು. ಮೂರೂ ಠೇವಣಿಯ ಭಾಗವಾಗಿ. 1.2 ಅನ್ನು 0.4ರಿಂದ ಭಾಗಿಸಿದರೆ 3. ಬ್ಯಾಂಕು ಹೆಚ್ಚುವರಿ ಇಟ್ಟುಕೊಳ್ಳದೆ ಹೋಗಿದ್ದರೆ 1.2 ಭಾಗಿಸು 0.3, ಅಂದರೆ 4. ನಗದೊಂದೇ ಗುಣಕವನ್ನು ಹತ್ತರಿಂದ ನಾಲ್ಕಕ್ಕೆ ಇಳಿಸಿತ್ತು, ಹೆಚ್ಚುವರಿ ಮೀಸಲು ಅದನ್ನು ಮೂರಕ್ಕೆ ತಂದಿತು.

ಈ ಎರಡೂ ಒಂದೇ ಬಗೆಯ ಸೋರಿಕೆ ಎಂದು ಭಾವಿಸುವುದು ತಪ್ಪು. ಗುಣಕ 4 ಇದ್ದ ಸ್ಥಿತಿಯಲ್ಲಿ ಬ್ಯಾಂಕಿನ ಬದಲು ಜನರೇ ಇನ್ನೂ ಶೇ 10 ನಗದು ಇಟ್ಟುಕೊಂಡರು ಎನ್ನಿ. ಛೇದ ಆಗಲೂ 0.4. ಆದರೆ ಗುಣಕ 1.3 ಭಾಗಿಸು 0.4, ಅಂದರೆ 3.25. ಜನರ ಜೇಬಿನ ನೋಟು ಸಾಲವಾಗಿ ಬೆಳೆಯದಿದ್ದರೂ ತಾನೇ ಹಣವಾಗಿ ಎಣಿಕೆಗೆ ಬರುತ್ತದೆ. ಬ್ಯಾಂಕಿನ ಮೀಸಲು ಬೆಳೆಯುವುದೂ ಇಲ್ಲ, ಹಣದ ಪೂರೈಕೆಯ ಲೆಕ್ಕಕ್ಕೆ ಸೇರುವುದೂ ಇಲ್ಲ. ಅಂಶದಲ್ಲಿ c ಇದ್ದು e ಇಲ್ಲದಿರುವುದಕ್ಕೆ ಇದೇ ಕಾರಣ. ಇದು ಅರ್ಥವಾದವರು ಸೂತ್ರವನ್ನು ಬಾಯಿಪಾಠ ಮಾಡಬೇಕಿಲ್ಲ. ಅಂಶದ c ಮರೆತು 1 ಭಾಗಿಸು 0.4 ಎಂದು 2.5 ಬರೆದರೆ ಸಿಗುವುದು ಠೇವಣಿಯ ಗುಣಕ, ಹಣದ್ದಲ್ಲ.

ಅಂಕ ಹೋಗುವ ಇನ್ನೊಂದು ಕಡೆ ಪ್ರಶ್ನೆಯ ಮಾತಿನಲ್ಲೇ ಇದೆ. ‘ಜನ ತಮ್ಮ ಹಣದ ಶೇ 20 ನಗದಾಗಿ ಇಡುತ್ತಾರೆ’ ಎಂದಿದ್ದರೆ c 0.20 ಅಲ್ಲ, ನೂರರಲ್ಲಿ 20 ನಗದು, 80 ಠೇವಣಿ, ಹಾಗಾಗಿ c 0.25. ಹೆಚ್ಚುವರಿ ಮೀಸಲನ್ನು ನೇರವಾಗಿ ಕೊಡದೆ ಒಟ್ಟು ಮೀಸಲು 600, ಠೇವಣಿ 3,000 ಎಂದಷ್ಟೇ ಕೊಟ್ಟರೆ, ಮೊದಲು ಕಡ್ಡಾಯದ 300 ಕಳೆಯಬೇಕು. ಉಳಿದ 300 ಹೆಚ್ಚುವರಿ. ಕೊನೆಗೆ ನಗದು ಮತ್ತು ಒಟ್ಟು ಮೀಸಲನ್ನು ಕೂಡಿ ನೋಡಿ. ನಮ್ಮ ಲೆಕ್ಕದಲ್ಲಿ 600 ಮತ್ತು 600, ಅಂದರೆ 1,200. ಈ ಮೊತ್ತ ಮೂಲ ಹಣಕ್ಕೆ ಸಮವಾಗದಿದ್ದರೆ ಎಲ್ಲೋ ತಪ್ಪಿದೆ ಎಂದೇ ಅರ್ಥ.

ಸೂತ್ರಕ್ಕೆ ಒಂದು ಮಿತಿಯೂ ಇದೆ. ಪರೀಕ್ಷೆಯಲ್ಲಿ c ಮತ್ತು e ಕೊಟ್ಟ ಸಂಖ್ಯೆಗಳು. ಹೊರಗೆ ಅವು ಭಯದಿಂದಲೂ ಬಡ್ಡಿಯಿಂದಲೂ ಬದಲಾಗುತ್ತವೆ. 1930ರಿಂದ 1933ರವರೆಗೆ ಅಮೆರಿಕದಲ್ಲಿ ಬ್ಯಾಂಕುಗಳು ಸಾಲುಸಾಲಾಗಿ ಮುಳುಗಿದಾಗ ಜನ ಠೇವಣಿ ಬಿಡಿಸಿ ನಗದು ಹಿಡಿದರು, ಉಳಿದ ಬ್ಯಾಂಕುಗಳು ಹೆಚ್ಚು ಮೀಸಲು ಇಟ್ಟವು. ಮೂಲ ಹಣ ಏರಿದರೂ ಒಟ್ಟು ಹಣ ಕುಗ್ಗಿತು. 2008ರ ಅಕ್ಟೋಬರಿನಲ್ಲಿ ಅಲ್ಲಿನ ಫೆಡರಲ್ ರಿಸರ್ವ್ ಮೀಸಲಿಗೆ ಬಡ್ಡಿ ಕೊಡತೊಡಗಿತು, ಜೊತೆಗೆ ಬ್ಯಾಂಕುಗಳಿಗೆ ಅಪಾರ ಮೂಲ ಹಣ ಹರಿಸಿತು. ಅದರ ಬಹುಪಾಲು ಹೆಚ್ಚುವರಿ ಮೀಸಲಾಗಿಯೇ ಕುಳಿತು, ಅಲ್ಲಿನ ಎಂ1 ಗುಣಕ ಒಂದಕ್ಕಿಂತಲೂ ಕೆಳಗೆ ಇಳಿಯಿತು.